ಚಿಕ್ಕ ರುಜು

ಎಲ್ಲ ಮನೆಯ ವಾಟ್ಸಾಪ್ ಗುಂಪಿನಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನೀವು ಹತ್ತು ಸಾಲು ಕುಟ್ಟಿ, ಎರಡು ಸಲ ತಿದ್ದಿ, ಕೊನೆಗೊಂದು ಕೈಮುಗಿಯುವ ಚಿತ್ರ ಅಂಟಿಸಿ ಕಳಿಸುತ್ತೀರಿ. ಅತ್ತ ಕಡೆಯಿಂದ ಒಂದು k ಬರುತ್ತದೆ. ಅದಕ್ಕೆ ಹಿಂದಿಲ್ಲ, ಮುಂದಿಲ್ಲ. ok ಎನ್ನುವುದಕ್ಕೆ ಇನ್ನೊಂದೇ ಅಕ್ಷರ ಸಾಕಾಗಿತ್ತು. ಅಷ್ಟನ್ನೂ ಉಳಿಸಿ ಅವರು ಯಾವ ಬ್ಯಾಂಕಿನಲ್ಲಿ ಇಡುತ್ತಾರೋ ತಿಳಿಯದು. ನಮ್ಮ ಮನೆತನದಲ್ಲಿ ಈ ಗಾದಿ ಸೋದರಮಾವನದು. ಮಕ್ಕಳು ಅವರನ್ನು ಹಿಂದಿನಿಂದ ‘ಕೆ ಮಾವ’ ಅನ್ನುತ್ತಾರೆ. ಮುಂದಿನಿಂದ ಏನನ್ನುವುದಕ್ಕೂ ಧೈರ್ಯವಿಲ್ಲ.

ಎದುರಿಗೆ ಸಿಕ್ಕರೆ ಮಾವ ಮಿತಭಾಷಿಯೇನಲ್ಲ. ಮೈಸೂರಿನ ಅವರ ಮನೆಯ ಜಗಲಿಯಲ್ಲಿ ಕೂತು, ಬೆಂಡೆಕಾಯಿ ಎಳೆಯದೋ ಬಲಿತದ್ದೋ ಎಂದು ತುದಿ ಮುರಿದು ನೋಡುವ ಕ್ರಮವನ್ನೇ ಅರ್ಧ ಗಂಟೆ ವಿವರಿಸಬಲ್ಲರು. ಆದರೆ ಫೋನು ಕೈಗೆ ಬಂದಿತೋ, ಮೂವತ್ತು ವರ್ಷದ ಕಚೇರಿ ಮೈಮೇಲೆ ಬರುತ್ತದೆ. ಸರ್ಕಾರಿ ಕೆಲಸದಲ್ಲಿ ಗುಮಾಸ್ತರಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಅಲ್ಲಿ ಅವರ ಮೇಜಿನ ಮೇಲೆ ಕಡತ ಬರುತ್ತಿತ್ತು. ಕೆಳಗಿನವರು ಬರೆದ ಟಿಪ್ಪಣಿಯ ಪಕ್ಕ ಅಂಚಿನಲ್ಲಿ ಒಂದು ಚಿಕ್ಕ ರುಜು ಹಾಕಿ ಮೇಲಕ್ಕೆ ಕಳಿಸುತ್ತಿದ್ದರು. ಚಿಕ್ಕ ರುಜು ಎಂದರೆ ಪೂರ್ತಿ ಸಹಿಯಲ್ಲ, ಹೆಸರಿನ ಒಂದೆರಡು ಅಕ್ಷರ, ಕೆಳಗೊಂದು ತಾರೀಖು. ಅದರಲ್ಲಿ ‘ಒಪ್ಪಿದೆ’ ಎಂಬುದಿಲ್ಲ, ‘ಒಪ್ಪಲಿಲ್ಲ’ ಎಂಬುದೂ ಇಲ್ಲ. ಕಡತ ನನ್ನ ಕಣ್ಣಮುಂದೆ ಹಾದುಹೋಯಿತು, ಇನ್ನು ಅದು ನನ್ನ ಮೇಜಿನ ಮೇಲಿಲ್ಲ, ಇಷ್ಟೇ. ಮಾವನ k ಈ ವಂಶದ್ದು. ಈ ಒಂದು ಸಂಗತಿ ನಮ್ಮ ಮನೆಯವರಿಗೆ ಮೊದಲೇ ಹೊಳೆದಿದ್ದರೆ ಅಕ್ಕನ ಮಗನ ಉಪನಯನದ ಛತ್ರದ ವಿಷಯದಲ್ಲಿ ಅಷ್ಟು ರಾಮಾಯಣ ಆಗುತ್ತಿರಲಿಲ್ಲ.

ಅಕ್ಕ ಮಧ್ಯಾಹ್ನ ಬರೆದಳು: “ಮಾವ, ಛತ್ರದವರು ಫೋನ್ ಮಾಡಿದ್ರು. ಭಾನುವಾರ ಬೆಳಿಗ್ಗೆಯಿಂದ ಸಾಕಾ, ಶನಿವಾರ ಸಂಜೆಯಿಂದಲೇ ಬೇಕಾ ಅಂತ ಕೇಳ್ತಿದಾರೆ. ಅಡುಗೆಯವರು ಇನ್ನೂರೈವತ್ತು ಎಲೆನಾ, ಮುನ್ನೂರಾ ಅಂತಿದಾರೆ. ಹೋಳಿಗೆ ಮಾಡಿಸೋಣ್ವಾ, ಚಿರೋಟಿನಾ? ಇವತ್ತೇ ಅಡ್ವಾನ್ಸ್ ಕೊಡ್ಬೇಕಂತೆ.”

ಎರಡು ನೀಲಿ ಗೀಟು ಬಿದ್ದವು. ಆಮೇಲೆ k ಬಂತು.

ಶನಿವಾರಕ್ಕೆ k ಆದದ್ದೋ, ಭಾನುವಾರಕ್ಕೋ? ಭಾವ ಕಾನೂನು ಓದಿದವರು. ಕೊನೆಯ ವಾಕ್ಯಕ್ಕೇ ಉತ್ತರ ಅನ್ವಯಿಸಬೇಕು, ಆದ್ದರಿಂದ ಅಡ್ವಾನ್ಸ್ ಕೊಡಬಹುದು, ಮಿಕ್ಕದ್ದೆಲ್ಲ ಇನ್ನೂ ವಿಚಾರಣೆಯಲ್ಲಿದೆ ಎಂದರು. ಅಕ್ಕ, “ಯಾವುದಕ್ಕೆ ಅಂತ ಹೇಳದೆ ಅಡ್ವಾನ್ಸ್ ಕೊಟ್ಟು ಏನು ಮಾಡ್ಲಿ, ಖಾಲಿ ಛತ್ರದಲ್ಲಿ ಕೂತ್ಕೊಳ್ಲಾ?” ಎಂದಳು. ಈ ವಾದ ನಡೆಯುತ್ತಿರುವಾಗಲೇ ಫೋನು ಇನ್ನೊಮ್ಮೆ ಟಿಣ್ ಎಂದಿತು. ಎಲ್ಲರೂ ಬಗ್ಗಿ ನೋಡಿದರು. ಈ ಸಲ ಬಂದದ್ದು k ಕೂಡ ಅಲ್ಲ. ಬರೀ ಒಂದು ಚುಕ್ಕಿ.

.

ನೊಣ ಕೂತಿದೆಯೇನೋ ಎಂದು ಅಮ್ಮ ಪರದೆಯ ಮೇಲೆ ಬೆರಳಾಡಿಸಿದರು. ನೊಣವಲ್ಲ ಎಂದು ಖಾತ್ರಿಯಾದ ಮೇಲೆ, “ನಮ್ಮಣ್ಣನಿಗೆ ಕೋಪ ಬಂದಿದೆ. ಮುಹೂರ್ತ ಗೊತ್ತುಮಾಡುವಾಗ ಅವನನ್ನ ಕೇಳ್ಲಿಲ್ಲ ನೋಡು, ಅದಕ್ಕೆ,” ಎಂದು ತೀರ್ಪು ಕೊಟ್ಟರು. ಅಕ್ಕನ ಮಗಳು ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದುತ್ತಾಳೆ. ಅವಳು ಅಜ್ಜಿಯ ಪರವಾಗಿ ಆಧಾರ ತಂದಳು. 2015ರಲ್ಲಿ ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದವರು 126 ವಿದ್ಯಾರ್ಥಿಗಳಿಗೆ ಚಿಕ್ಕ ಚಿಕ್ಕ ಮೆಸೇಜುಗಳನ್ನು ತೋರಿಸಿದ್ದರಂತೆ. ಒಂದೇ ಪದದ ಉತ್ತರ, ಒಂದರ ಕೊನೆಗೆ ಪೂರ್ಣವಿರಾಮ ಇದೆ, ಇನ್ನೊಂದಕ್ಕಿಲ್ಲ. ವಿರಾಮ ಇದ್ದದ್ದು ಮನಸಾರೆ ಹೇಳಿದ್ದಲ್ಲ ಎಂದು ಓದುವವರಿಗೆ ತೋರಿತು. “ಪದದ ಜೊತೆಗಿರೋ ಚುಕ್ಕಿಗೇ ಹಾಗೆ ಅಂದ್ಮೇಲೆ, ಪದವೇ ಇಲ್ದೆ ಬರೀ ಚುಕ್ಕಿ ಬಂದ್ರೆ?” ಎಂದು ಅವಳು ಕೇಳಿದ ಧಾಟಿಗೆ ಅಕ್ಕನ ಮುಖ ಬಿಳಿಚಿಕೊಂಡಿತು. ಅದೇ ಪ್ರಯೋಗದಲ್ಲಿ ಅದೇ ಉತ್ತರಗಳನ್ನು ಚೀಟಿಯಲ್ಲಿ ಕೈಯಿಂದ ಬರೆದು ತೋರಿಸಿದಾಗ ವಿರಾಮದಿಂದ ಏನೂ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನು ಅವಳು ಆಮೇಲೆ ಹೇಳಿದಳು. ಅದನ್ನೇ ಮೊದಲು ಹೇಳಬೇಕಿತ್ತು. ಮಾವ ಆಯುಷ್ಯವಿಡೀ ಬರೆದದ್ದು ಚೀಟಿಗಳನ್ನೇ. ವಾಕ್ಯ ಮುಗಿದರೆ ಚುಕ್ಕಿ ಇಡಬೇಕು ಎಂದು ಮೇಷ್ಟ್ರ ಹತ್ತಿರ ಕೈಗಂಟಿನ ಮೇಲೆ ಏಟು ತಿಂದು ಕಲಿತವರು. ಅವರ ಚುಕ್ಕಿಯಲ್ಲಿ ಕೋಪ ಹುಡುಕುವುದು ದಂಡ.

ಉಪನಯನದ ವಟು ಮಾತ್ರ ಚುಕ್ಕಿಯನ್ನು ಚುಕ್ಕಿಯಾಗಿಯೇ ನೋಡಿದ. ಹನ್ನೊಂದು ವರ್ಷದವನು, ಫೋನಿನ ವಿಷಯದಲ್ಲಿ ಮನೆಗೆಲ್ಲ ಅವನೇ ಗುರು. “ಮಾವಜ್ಜ ಕಳಿಸಿದ್ದಲ್ಲ ಇದು, ಒತ್ತಿಹೋಗಿದ್ದು,” ಎಂದ. ತನ್ನ ಫೋನಿನ ಕೀಲಿಮಣೆ ತೆರೆದು ತೋರಿಸಿದ. ಕೆಳಗಿನ ಸಾಲಿನಲ್ಲಿ ಉದ್ದನೆಯ ಖಾಲಿ ಪಟ್ಟಿ ಇದೆ, ಅದರ ಬಲಕ್ಕೆ ಚುಕ್ಕಿ. ಬಲಗೈಯಲ್ಲಿ ಫೋನು ಹಿಡಿದರೆ ಹೆಬ್ಬೆರಳು ಬಂದು ಕೂರುವುದೇ ಆ ಮೂಲೆಯಲ್ಲಿ. ಅಲ್ಲಿಂದ ಸ್ವಲ್ಪ ಮೇಲೆ ಜಾರಿದರೆ ಕಳಿಸುವ ಹಸಿರು ಗುಂಡಿ. ಜೇಬಿನಲ್ಲಿ ಒತ್ತಿಹೋದರೆ mmbnj ಎಂದು ಗಂಟು ಗಂಟಾಗಿ ಬರುತ್ತದೆ. ಒಂಟಿ ಚುಕ್ಕಿ ಬಂದರೆ ಅದು ಹೆಬ್ಬೆರಳಿನದೇ ಕೆಲಸ. ಅಷ್ಟಕ್ಕೇ ಬಿಡದೆ ಅವನು k ಕಡೆಗೂ ಬೆರಳು ತೋರಿಸಿದ. “ಇದು ನೋಡಿ, ಚಿಕ್ಕ k. ಮೊದಲ್ನೇ ಅಕ್ಷರ ಫೋನು ತಾನೇ ದೊಡ್ಡದು ಮಾಡುತ್ತೆ. K ಅಂತ ಬಂದಿದ್ರೆ ಸುಮ್ನೆ ಒತ್ತಿದ್ದು ಅನ್ಬಹುದಿತ್ತು. ಚಿಕ್ಕದು ಬೇಕಂದ್ರೆ ಬಾಣದ ಗುರುತು ಒತ್ತಿ ಇಳಿಸ್ಬೇಕು. ಅಂದ್ರೆ k ಬೇಕೂಂತಲೇ ಕಳಿಸಿದ್ದು.”

ಒಂದೇ ಅಕ್ಷರ ಕಳಿಸುವ ಮನುಷ್ಯ ಅದನ್ನು ಚಿಕ್ಕದು ಮಾಡುವುದಕ್ಕೆ ಇನ್ನೊಂದು ಗುಂಡಿ ಒತ್ತುತ್ತಾನೆಂದರೆ! ಅಷ್ಟೇ ಶ್ರಮದಲ್ಲಿ ok ಆಗಿಹೋಗುತ್ತಿತ್ತಲ್ಲ ಎಂದು ಭಾವ ಹಣೆ ಚಚ್ಚಿಕೊಂಡರು. ಚಿಕ್ಕ ರುಜು ಚಿಕ್ಕದಾಗಿಯೇ ಇರಬೇಕು ಎಂಬ ನಿಯಮ ಆಗಿನ್ನೂ ಯಾರಿಗೂ ತಿಳಿದಿರಲಿಲ್ಲ.

ಕೊನೆಗೆ ಅಮ್ಮ ಅತ್ತಿಗೆಗೇ ಫೋನ್ ಮಾಡಿದರು. ಫೋನು ಮಾವನ ಕೈಗೆ ಹೋಯಿತು. ಚುಕ್ಕಿಯೇ? ಯಾವ ಚುಕ್ಕಿ? ನಾನ್ಯಾಕೆ ಚುಕ್ಕಿ ಕಳಿಸ್ಲಿ? ಅವರು ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆ ಕೊಂಡು, ಚಿಲ್ಲರೆ ಇಸಕೊಳ್ಳುವುದಕ್ಕೆ ಫೋನನ್ನು ಬಲಗೈಯಿಂದ ಎಡಗೈಗೆ ದಾಟಿಸಿದ್ದರು, ಅಷ್ಟೆ. ಹುಡುಗ ಗೆದ್ದ. ಇದು ಪಕ್ಕಾ ಪರೀಕ್ಷೆ: ಕೈಜಾರಿ ಹೋದ ಚುಕ್ಕಿಯ ಒಡೆಯನಿಗೆ ಅದರ ಸುದ್ದಿಯೇ ಇರುವುದಿಲ್ಲ. ಗೊತ್ತಾದರೆ ಎಲ್ಲರ ಕಡೆಯೂ ಅಳಿಸಿಬಿಡುತ್ತಾನೆ. ಆಗ ಅಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂದು ಕಾಣಿಸಿಕೊಂಡು, ಏನು ಬೈದಿದ್ದರೋ ಏನೋ ಎಂದು ಗುಂಪಿಗೆ ಗುಂಪೇ ರಾತ್ರಿ ನಿದ್ದೆಗೆಡುತ್ತದೆ. ಅದಕ್ಕಿಂತ ಚುಕ್ಕಿಯೇ ವಾಸಿ.

“ಸರಿ, ಶನಿವಾರದಿಂದಲೋ ಭಾನುವಾರದಿಂದಲೋ?” ಎಂದು ಅಮ್ಮ ಕೇಳಿದರು.

“ಅದನ್ನ ನೀವು ತೀರ್ಮಾನ ಮಾಡ್ಬೇಕು. ನಾನು ನೋಡಿದೀನಿ ಅಂತ ಆಗ್ಲೇ ಹಾಕಿದೀನಲ್ಲ!”

ಆದರೆ ಮಾವ ಬೇಕೆಂದೇ ಚುಕ್ಕಿ ಕಳಿಸುವುದೂ ಉಂಟು, ಅದು ಮಗನಿಗೆ ಮಾತ್ರ. ಅವನಿರುವುದು ನ್ಯೂಜೆರ್ಸಿಯಲ್ಲಿ. ಬೆಳಿಗ್ಗೆ ಹನ್ನೊಂದಕ್ಕೆ ತಿಂಡಿ, ಪೇಪರು, ಎರಡನೇ ಕಾಫಿ ಎಲ್ಲ ಮುಗಿದ ಮೇಲೆ ಮಾವ ಅವನಿಗೊಂದು ಚುಕ್ಕಿ ಹಾಕಿ ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಒಂದೇ ಗೀಟು ಬಿದ್ದರೆ ಇಲ್ಲಿಂದ ಹೊರಟಿತು, ಅವನ ಫೋನನ್ನು ಮುಟ್ಟಿಲ್ಲ. ಎರಡು ಬಿದ್ದರೆ ಮುಟ್ಟಿತು, ಅಂದರೆ ಅವನ ಫೋನಿಗೆ ಜೀವವಿದೆ, ಅಂದರೆ ಅವನೂ ಕ್ಷೇಮ. ಇಷ್ಟು ತಿಳಿಯುವುದಕ್ಕೆ ಅಕ್ಷರ ಯಾಕೆ ಖರ್ಚು ಮಾಡಬೇಕು ಎಂಬುದು ಅವರ ಲೆಕ್ಕ. ಬೇಸಿಗೆಯಲ್ಲಿ ಇಲ್ಲಿನ ಹನ್ನೊಂದು ಎಂದರೆ ಅಲ್ಲಿ ರಾತ್ರಿ ಒಂದೂವರೆ. ಮೊದಲ ಸಲ ಆ ಹುಡುಗ ಗಾಬರಿಬಿದ್ದು ಎದ್ದು ಕೂತ. ಅಪ್ಪನಿಂದ ನಡುರಾತ್ರಿಯಲ್ಲಿ ಬರೀ ಚುಕ್ಕಿ! ಏನೋ ಬರೆಯಹೊರಟು ಕುಸಿದುಬಿದ್ದರೋ, ಫೋನು ಕೈಯಿಂದ ಉರುಳಿತೋ? ನಡುಗುವ ಕೈಯಲ್ಲಿ ಕರೆ ಮಾಡಿದರೆ, “ಏನಪ್ಪಾ, ಈ ಹೊತ್ನಲ್ಲಿ ಎದ್ದಿದೀಯ? ನಿದ್ದೆ ಮಾಡ್ಬಾರ್ದಾ?” ಎಂದು ಅಪ್ಪನೇ ಗದರಿದರು.

ಮಾವನ k ಯಾರಿಗೂ ಹಿಡಿಸುವುದಿಲ್ಲವೆಂದಲ್ಲ. ಕುಕ್ಕರಹಳ್ಳಿ ಕೆರೆಯ ವಾಕಿಂಗಿನಲ್ಲಿ ಅವರಿಗೊಬ್ಬ ಗೆಳೆಯರಿದ್ದಾರೆ, ಹ್ಯಾಮ್ ರೇಡಿಯೋ ಹುಚ್ಚಿನವರು, ಟಕಟಕ ಎಂದು ಮೋರ್ಸ್ ಬಡಿಯುತ್ತಲೇ ಕೂದಲು ನರೆಸಿಕೊಂಡವರು. ಆ ರೇಡಿಯೋದ ಶಿಷ್ಟಾಚಾರದಲ್ಲಿ ಮಾತಿನ ಕೊನೆಗೆ ಒಂಟಿ K ಬಡಿದರೆ ‘ನನ್ನದಾಯಿತು, ಇನ್ನು ನೀವು ಹೇಳಿ’ ಎಂದರ್ಥ. ಬರೀ ಮುಟ್ಟಿತು ಎನ್ನುವುದಕ್ಕೆ ಅವರಲ್ಲಿ ಬೇರೆಯೇ ಅಕ್ಷರವಿದೆ, R. ಹೀಗಾಗಿ ಮಾವ ಮಾತು ಮುಗಿಸಲೆಂದು k ಹಾಕಿದರೆ ಆ ಪುಣ್ಯಾತ್ಮರು ಮಾತು ಮುಂದುವರಿಸಲು ಅಪ್ಪಣೆಯಾಯಿತೆಂದು ತಮ್ಮ ಮಂಡಿನೋವಿನ ಇನ್ನೊಂದು ಅಧ್ಯಾಯ ಬರೆದು ಕಳಿಸುತ್ತಾರೆ. ಮಾವ ಮತ್ತೆ k. ಅವರು ಮತ್ತೆ ಒಂದು ಅಧ್ಯಾಯ. “ನಿಮ್ಮ ಯಜಮಾನ್ರಷ್ಟು ಆಸಕ್ತಿಯಿಂದ ಕೇಳೋರು ನನಗಿನ್ನೊಬ್ರು ಸಿಕ್ಕಿಲ್ಲ,” ಎಂದು ಅತ್ತೆಯ ಹತ್ತಿರ ಅವರು ಹೇಳಿದ್ದಾರೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರಂತೆ.

ಈಗ ನಮ್ಮಲ್ಲಿ ಮಾವನಿಗೆ ಬರೆಯುವ ಪದ್ಧತಿಯೇ ಬೇರೆ. ಒಂದು ಮೆಸೇಜಿಗೆ ಒಂದೇ ಪ್ರಶ್ನೆ. ಅದೋ ಇದೋ ಎಂದು ಕೇಳುವಂತಿಲ್ಲ. ‘ಸಂಜೆಯೊಳಗೆ ಬೇಡ ಅನ್ನದಿದ್ದರೆ ಚಿರೋಟಿಯೇ ಮಾಡಿಸುತ್ತೇವೆ’ ಎಂದು ನಾವೇ ತೀರ್ಮಾನ ಬರೆದು ಕಡತ ಮಂಡಿಸಬೇಕು. ಆಗ ಬರುವ k ಗೆ ಬೆಲೆಯುಂಟು. ಉಪನಯನ ಹೀಗೆ k ಮೇಲೆ k ಬಿದ್ದು ಸಾಂಗವಾಗಿ ಮುಗಿಯಿತು. ಮುನ್ನೂರು ಎಲೆ ಸಾಲದೆ ಹೋಯಿತು. ಅದಕ್ಕೂ ಮಾವನ ಚಿಕ್ಕ ರುಜು ಇತ್ತು, ಆದ್ದರಿಂದ ಯಾರನ್ನೂ ಕೇಳುವಂತಿರಲಿಲ್ಲ.

ಊಟವಾದ ಮೇಲೆ, ಛತ್ರದ ಕಂಬಕ್ಕೊರಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಮಾವನ ಪಕ್ಕಕ್ಕೆ ವಟು ಹೋಗಿ ಕೂತ. ಕಿವಿಯಲ್ಲಿ ಇನ್ನೂ ಹೊಸ ಕಡಕು. “ಮಾವಜ್ಜ, ಕೆ ಎಲ್ಲ ಒತ್ಬೇಡಿ. ಮೆಸೇಜಿನ ಮೇಲೆ ಬೆರಳು ಸ್ವಲ್ಪ ಹೊತ್ತು ಇಟ್ಕೊಂಡ್ರೆ ಸಾಕು, ಹೆಬ್ಬೆರಳಿನ ಚಿತ್ರ ಬರುತ್ತೆ. ಅದನ್ನ ಒತ್ತಿದ್ರೆ ಯಾವ ಮೆಸೇಜಿಗೆ ಅಂತ ಎಲ್ರಿಗೂ ಗೊತ್ತಾಗುತ್ತೆ,” ಎಂದು ತೋರಿಸಿಕೊಟ್ಟ.

ಮಾವ ಕನ್ನಡಕ ಹಣೆಗೇರಿಸಿ ಆ ಹಳದಿ ಹೆಬ್ಬೆಟ್ಟನ್ನು ಬಹಳ ಹೊತ್ತು ನೋಡಿದರು. ಆಮೇಲೆ ಫೋನನ್ನು ಹುಡುಗನ ಮಡಿಲಿಗೆ ಹಾಕಿ, “ಓದುಬರಹ ಬಂದೋನು ಕಣೋ ನಾನು,” ಎಂದರು. “ಹೆಬ್ಬೆಟ್ಟು ಒತ್ತು ಅಂತೀಯಲ್ಲ!”