ಪರದೆಯ ತಳದ ಇರುವೆ ಸಾಲು

ಚುನಾವಣೆ ಬಂತು. ಟಿವಿಯಲ್ಲಿ ಸಮೀಕ್ಷೆಯ ಸೀಟುಗಳ ಅಂಕಿ ಕುಣಿಯುತ್ತಿದೆ. ತಳದಲ್ಲಿ ಇರುವೆ ಸಾಲಿನಂಥ ಅಕ್ಷರ: ‘ದೋಷದ ಮಿತಿ ±3%’. ಓದುವಷ್ಟರಲ್ಲಿ ಸೀರೆ ಜಾಹೀರಾತು. ಪ್ರಾಮಾಣಿಕತೆಯ ಬಾಬ್ತು ಚುಕ್ತಾ.

ಈ ಮೂರು ಎಲ್ಲಿಯದು? ರಾಜ್ಯದ ಮತದಾರರನ್ನೆಲ್ಲ ಒಂದೇ ಚೀಲಕ್ಕೆ ಹಾಕಿ, ಕುಲುಕಿ, 1,067 ಚೀಟಿ ಎತ್ತಿದರೆ, ನೂರರಲ್ಲಿ 95 ಸಲ ಲೆಕ್ಕ ನಿಜದಿಂದ ಮೂರು ಶೇಕಡಾ ಆಚೆ ಹೋಗದು. ಸೂತ್ರ ಸರಿಯೇ. ಚೀಲ ಎಲ್ಲಿದೆ ಸ್ವಾಮಿ?

ಚೀಲವಿಲ್ಲ, ಬಸ್ ಟಿಕೆಟ್ ಇದೆ. ಊರೂರು ಅಲೆದರೆ ಖರ್ಚು. ಹಾಗಾಗಿ ಹುಡುಗರನ್ನು 100 ಮತಗಟ್ಟೆಗೆ ಕಳಿಸಿ, ಒಂದೊಂದರಲ್ಲಿ 21 ಜನರನ್ನು ಕೇಳಿಸುತ್ತಾರೆ. ತಪ್ಪೇನಿಲ್ಲ, ಎಲ್ಲರೂ ಮಾಡುವುದೇ ಇದು. ಆದರೆ ಒಂದೇ ಕೇರಿಯ ಅಣ್ಣ, ತಮ್ಮ, ಷಡ್ಡಕ ಹೇಳುವುದು ಹೆಚ್ಚುಕಡಿಮೆ ಒಂದೇ ಉತ್ತರ. ಅನ್ನ ಬೆಂದಿದೆಯೇ ನೋಡಲು ಒಂದು ಅಗುಳು ಸಾಕು, ನಿಜ. ಪಾತ್ರೆ ಒಂದೇ ಇದ್ದಾಗ. ನಮ್ಮಲ್ಲಿ ಕೇರಿಗೊಂದು ಪಾತ್ರೆ.

ಒಂದೇ ಕೇರಿಯವರ ಉತ್ತರಗಳ ಈ ಹೋಲಿಕೆಗೊಂದು ಅಳತೆಯಿದೆ. ಅದನ್ನು ಬರೀ 0.05 ಎಂದುಕೊಳ್ಳಿ. 21ರಲ್ಲಿ ಒಂದು ಕಳೆದು, 0.05ರಿಂದ ಗುಣಿಸಿ, ಒಂದು ಕೂಡಿಸಿದರೆ ಎರಡು. ಇದೇ ಡಿಸೈನ್ ಎಫೆಕ್ಟ್. 2,100 ಜನರನ್ನು ಕೇಳಿದರೂ ತೂಕ 1,050 ಜನರದ್ದೇ. ಟಿವಿಯಲ್ಲಿ ಮಾತ್ರ ‘ಎರಡು ಸಾವಿರಕ್ಕೂ ಹೆಚ್ಚು’!

ಇನ್ನೂ ಇದೆ. ಮೂರು ಶೇಕಡಾ ಎಂಬುದು ಒಂದು ಪಕ್ಷದ ಮತಕ್ಕೆ. ನಮಗೆ ಬೇಕಾದದ್ದು ಇಬ್ಬರ ನಡುವಿನ ಅಂತರ. ಒಬ್ಬರಿಗೆ ಹೆಚ್ಚಾದರೆ ಇನ್ನೊಬ್ಬರಿಗೆ ಕಡಿಮೆಯಾಗುವ ಆಟವಾದ್ದರಿಂದ ಅಲ್ಲಿ ದೋಷ ಸುಮಾರು ಐದು ಶೇಕಡಾ. 2018ರಲ್ಲಿ ಕರ್ನಾಟಕದ ಕಾಂಗ್ರೆಸ್, ಬಿಜೆಪಿ ಮತಗಳ ಅಂತರ ಎರಡು ಶೇಕಡಾಕ್ಕಿಂತ ಕಡಿಮೆ. ಐದರ ಮಂಜಿನಲ್ಲಿ ಎರಡನ್ನು ಕಂಡೆವೆನ್ನುವವರು ಜ್ಯೋತಿಷಿಗಳಾಗಲಿ, ಆಕ್ಷೇಪವಿಲ್ಲ.

ಆ ಸಲ ಮತ ಹೆಚ್ಚಿದ್ದದ್ದು ಕಾಂಗ್ರೆಸ್ಸಿಗೆ. ಸೀಟು ಹೆಚ್ಚು, 104, ಬಿಜೆಪಿಗೆ. 2,100 ಜನರನ್ನು 224 ಕ್ಷೇತ್ರಕ್ಕೆ ಹಂಚಿದರೆ ತಲಾ ಒಂಬತ್ತು ಜನ. 2023ರಲ್ಲಿ ಜಯನಗರ ತೀರ್ಮಾನವಾದದ್ದು 16 ಮತಗಳಿಂದ. ಆದರೂ ಸಮೀಕ್ಷೆಯವರು ಸೀಟಿನ ಲೆಕ್ಕವನ್ನು ಎದೆ ತಟ್ಟಿ ಹೇಳುತ್ತಾರೆ.

‘ಹಾಗಾದರೆ 40,000 ಜನರನ್ನು ಕೇಳೋಣ’ ಎಂದು ಬೀಗುವವರೂ ಇದ್ದಾರೆ. ಕೇಳಿ. 400 ಮತಗಟ್ಟೆ, ತಲಾ ನೂರು ಜನ ಎಂದರೆ ಡಿಸೈನ್ ಎಫೆಕ್ಟ್ ಆರರ ಹತ್ತಿರ. 40,000 ಕರಗಿ 6,700. 2018ರ ಅಂತರ ಅದಕ್ಕೂ ಸಿಗದು. ಅದೇ 21ರ ಲೆಕ್ಕದಲ್ಲಿ 18,000 ಜನರನ್ನು 850ಕ್ಕೂ ಹೆಚ್ಚು ಮತಗಟ್ಟೆಗಳಲ್ಲಿ ಕೇಳಿದ್ದರೆ ಸಿಗುತ್ತಿತ್ತು. ಜನ ಅರ್ಧಕ್ಕಿಂತ ಕಡಿಮೆ, ಬಸ್ ಟಿಕೆಟ್ ಎರಡು ಪಟ್ಟು.

ಸಮೀಕ್ಷೆ ಮಾಡಿದ ಪರಿಚಿತರೊಬ್ಬರನ್ನು ಕೇಳಿದೆ: ‘ಎಷ್ಟು ಮತಗಟ್ಟೆ ಸಾರ್?’

‘ಸ್ಯಾಂಪಲ್ ದೊಡ್ಡದು ಸಾರ್’ ಎಂದರು.