ಮೇಂಟೆನೆನ್ಸ್ ಬಿಲ್ ಓದುವ ಯಜಮಾನರು

ಹುಮನಾಬಾದ್, ಬಸವಕಲ್ಯಾಣದ ಕಡೆ ಸ್ವಂತ ಮಾಳಿಗೆ ಮನೆಯಲ್ಲಿ ಬಾಳಿದ ಯಜಮಾನರು ಬೆಂಗಳೂರಿನ ಮಗನ ಫ್ಲ್ಯಾಟಿಗೆ ಬಂದರೆ ಲಾಲ್‌ಬಾಗ್ ನೋಡುವ ಮೊದಲು ಮೇಂಟೆನೆನ್ಸ್ ಬಿಲ್ ನೋಡುತ್ತಾರೆ. ಕನ್ನಡಕ ಏರಿಸಿ ಓದುತ್ತಾರೆ: 1,200 ಚದರಡಿ, ಅಡಿಗೆ ₹4.50, ಒಟ್ಟು ₹5,400. ಆಮೇಲೆ ಟೇಪು ಹಿಡಿದು ಮನೆ ಅಳೆಯಲು ಶುರುಮಾಡುತ್ತಾರೆ. ಟೇಪಿನ ಇನ್ನೊಂದು ತುದಿ ಹಿಡಿಯುವುದು ಸೊಸೆಯ ಪಾಲಿನ ಕೆಲಸ.

ಗೋಡೆಗಳ ಒಳಗೆ ಸಿಗುವುದು 850 ಅಡಿ. "ಉಳಿದ 350 ಎಲ್ಲಿ ಹೋತಪಾ?" ಅದು ಗೋಡೆಗಳ ದಪ್ಪ, ಮತ್ತೆ ಲಿಫ್ಟು, ಮೆಟ್ಟಿಲು, ಕಾರಿಡಾರು, ಲಾಬಿಗಳಲ್ಲಿ ಮಗನ ಪಾಲಿಗೆ ಬಂದದ್ದು; ಸೂಪರ್ ಬಿಲ್ಟ್‌ಅಪ್ ಲೆಕ್ಕದಲ್ಲಿ ಅದೂ ಸೇರುತ್ತದೆ. ಯಜಮಾನರು 5,400ನ್ನು 850ರಿಂದ ಭಾಗಿಸಿ ಅಡಿಗೆ ₹6.35 ಎಂದು ಬರೆದುಕೊಳ್ಳುತ್ತಾರೆ. ಪಕ್ಕದ ಅಪಾರ್ಟ್‌ಮೆಂಟಿನವರು 850 ಕಾರ್ಪೆಟ್ ಅಡಿಗೆ ನೇರವಾಗಿ ₹5.50 ಹಾಕಿದರೆ ದರ ದೊಡ್ಡದಾಗಿ ಕಂಡರೂ ಬಿಲ್ಲು ₹4,675 ಮಾತ್ರ. ಹೀಗಾಗಿ ದರ ಕೇಳಿದ ಕೂಡಲೇ "ಯಾವ ಅಡಿ?" ಎಂದು ಕೇಳುವುದು ಅವರ ಪದ್ಧತಿ.

ಮುಂದಿನ ಸಾಲು ಸಿಂಕಿಂಗ್ ಫಂಡ್: ಅಡಿಗೆ 50 ಪೈಸೆ, ₹600. ಇದಕ್ಕೆ ಅವರ ತಕರಾರಿಲ್ಲ. ಲಿಫ್ಟ್ ಬದಲಿಸಲು, ಹೊರಗೋಡೆಗೆ ಬಣ್ಣ ಬಳಿಯಲು, ತಾರಸಿ ಸೋರಿದರೆ ದುರಸ್ತಿ ಮಾಡಿಸಲು ಒಮ್ಮೆಲೇ ಲಕ್ಷಗಟ್ಟಲೆ ಬೇಕು. ಮಾಳಿಗೆ ಸೋರುವುದನ್ನು ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ಪ್ರಶ್ನೆ ಬೇರೆ: "ರೊಕ್ಕ ಎಲ್ಲಿ ಇಟ್ಟೀರಿ?" ಆಡಿಟ್ ಆದ ಲೆಕ್ಕಪತ್ರದಲ್ಲಿ ಫಂಡು ₹40 ಲಕ್ಷ ಇದ್ದು, ಅದರ ಹೆಸರಲ್ಲಿ ಬ್ಯಾಂಕಿನಲ್ಲಿ ಇರುವ ಠೇವಣಿ ₹25 ಲಕ್ಷ ಮಾತ್ರ ಇದ್ದರೆ, ಉಳಿದದ್ದು ಕರೆಂಟು, ಡೀಸೆಲ್ಲು, ಸೆಕ್ಯುರಿಟಿ ಸಂಬಳಕ್ಕೆ ಹೋಗಿರುವ ಸಂಭವ ಹೆಚ್ಚು. ಅಂಥ ಕಡೆ ತಿಂಗಳ ದರ ಕಡಿಮೆ ಇರುತ್ತದೆ. ಆದರೆ ಲಿಫ್ಟ್ ಕೆಟ್ಟ ವರ್ಷ ಮನೆಮನೆಗೂ ವಿಶೇಷ ವಂತಿಗೆಯ ಚೀಟಿ ಬರುತ್ತದೆ.

ಸಂಜೆ ವಾಕಿಂಗಿನಲ್ಲಿ ಈಜುಕೊಳ ಕಾಣುತ್ತದೆ. "ಇದರಾಗ ಈಸವರು ಯಾರು?" ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಆದರೆ ಪಂಪು, ಫಿಲ್ಟರು, ಕ್ಲೋರಿನ್, ಕಾವಲುಗಾರನ ಖರ್ಚು ನಿಲ್ಲುವುದಿಲ್ಲ. ವಾರ್ಷಿಕ ಬಜೆಟ್ ತರಿಸಿ ನೋಡಿದರೆ ಕೊಳ, ಜಿಮ್, ಕ್ಲಬ್‌ಹೌಸಿಗೆ ತಿಂಗಳಿಗೆ ₹96,000. ಇಡೀ ಸಮುಚ್ಚಯದ 1,20,000 ಅಡಿಗೆ ಹಂಚಿದರೆ ಅಡಿಗೆ 80 ಪೈಸೆ. ₹5,400ರಲ್ಲಿ ₹960 ಇದರದ್ದೇ. ಈಸದವರಿಗೆ ರಿಯಾಯಿತಿ ಇಲ್ಲ. ಮನೆ ದೊಡ್ಡದಾದಷ್ಟೂ ಪಾಲು ದೊಡ್ಡದು.

ಕೊನೆಗೆ ಡೈರಿಯಲ್ಲಿ ಕೂಡಿಸುತ್ತಾರೆ: ಸಾಲದ ಕಂತು ₹38,000, ಮೇಂಟೆನೆನ್ಸ್ ₹5,400, ಸಿಂಕಿಂಗ್ ಫಂಡ್ ₹600. ಮಗ ಊರಲ್ಲಿ ಹೇಳಿಕೊಳ್ಳುವುದು 38,000. ಮನೆಗೆ ಬೀಳುವುದು 44,000. ಕಂತು 20 ವರ್ಷಕ್ಕೆ ತೀರುತ್ತದೆ. ಉಳಿದ 6,000 ತೀರುವ ಬಾಬತ್ತಲ್ಲ. ಸಂಬಳ, ಕರೆಂಟು ಏರಿದಂತೆ ಏರುವ ಬಾಬತ್ತು.