ಸೇಸೆಗೆಷ್ಟು ಸೆಕೆಂಡು?

ಮದುವೆ ಮುಗಿದು, ಹಾಲಿನ ಬಾಕಿ ಚುಕ್ತಾ ಆಗಿ, ಮದುಮಗಳ ಅಪ್ಪ ಎಷ್ಟೋ ತಿಂಗಳ ಮೇಲೆ ನೆಮ್ಮದಿಯಾಗಿ ಮಧ್ಯಾಹ್ನದ ನಿದ್ದೆಗೆ ಜಾರುವ ಹೊತ್ತಿಗೆ ಸರಿಯಾಗಿ ನಮ್ಮ ಸೋದರಮಾವ ಇಸ್ತ್ರಿ ಶರ್ಟು ಹಾಕಿ ಹೊರಡುತ್ತಾರೆ. "ಎಡಿಟಿಂಗಿಗೆ ಕೂರಬೇಕು. ನಾವು ಕೂರದಿದ್ದರೆ ಆ ಹುಡುಗ ಎಂತ ಮಾಡ್ತಾನೋ ಯಾರಿಗೆ ಗೊತ್ತು?" ಕೂರುವುದು ಕೂಳೂರಿನಲ್ಲಿ, ಹೆದ್ದಾರಿ ಬದಿಯ ಮಹಡಿಯ ಸ್ಟುಡಿಯೋದಲ್ಲಿ. ಪಣಂಬೂರು ಬಂದರಿನ ಲಾರಿಗಳ ಸದ್ದು ಒಳಗೆ ಬರಬಾರದೆಂದು ಹುಡುಗ ಕಿಟಕಿ ಮುಚ್ಚಿ ಎ.ಸಿ. ಹಾಕಿರುತ್ತಾನೆ. ಕೂಳೂರು ಸಂಕದ ಬ್ಲಾಕಿನಲ್ಲಿ ಬೆಂದು ಬಂದ ಮಾವನಿಗೆ ಆ ತಂಪು ಎಷ್ಟು ಹಿಡಿಸುತ್ತದೆಂದರೆ ರಾತ್ರಿಯವರೆಗೆ ಏಳುವ ಮಾತೇ ಇಲ್ಲ.

ಮಾವ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಅವರ ಕಿಸೆಯಲ್ಲಿ ಮಡಚಿಟ್ಟ ಕಾಗದವೊಂದಿರುತ್ತದೆ. ಅದು ಆಮಂತ್ರಣ ಹಂಚಿದ ಪಟ್ಟಿ. ಕರೆದದ್ದಕ್ಕೆ ಒಂದು ಟಿಕ್ಕು, ಬಂದದ್ದಕ್ಕೆ ಇನ್ನೊಂದು. ಈಗ ವಿಡಿಯೋದಲ್ಲಿ ಬಂದರೆ ಮೂರನೆಯದು. ಮೂರೂ ತಾಳೆಯಾಗದೆ ಅವರು ಲೆಡ್ಜರ್ ಮುಚ್ಚುವವರಲ್ಲ.

ಹುಡುಗನ ಲೆಕ್ಕ ಬೇರೆ. ಎರಡು ಕ್ಯಾಮೆರಾಗಳಿಂದ ಹನ್ನೆರಡು ಗಂಟೆಯ ಫೂಟೇಜು ಬಂದಿದೆ. ಅದಷ್ಟನ್ನೂ ಅವನು ಒಮ್ಮೆ ಧ್ವನಿ ಸಮೇತ ನೋಡಿ, ಎಲ್ಲೆಲ್ಲಿ ಮುಖದ ಭಾವ ಬದಲಾಗುತ್ತದೋ ಅಲ್ಲಲ್ಲಿ ಗುರುತು ಹಾಕಿದ್ದಾನೆ. ಮದರಂಗಿ ರಾತ್ರಿ ಅಜ್ಜಿ ಯಾರೂ ಕರೆಯದೆ ಎದ್ದು ಕುಣಿದದ್ದು, ಧಾರೆ, ಮಗಳನ್ನು ಕಳಿಸಿಕೊಡುವಾಗ ಅಪ್ಪ ಕಾರಿನ ಬಾಗಿಲನ್ನು ಎರಡೆರಡು ಸಲ ಹಾಕಿದ್ದು. ಈ ಮೂರನ್ನು ಮೊದಲು ಟೈಮ್‌ಲೈನಿನಲ್ಲಿ ಕೂರಿಸಿ, ಉಳಿದದ್ದನ್ನು ಅವುಗಳ ನಡುವೆ ತುಂಬಿಸುವುದು ಅವನ ಕ್ರಮ.

"ಅದೆಲ್ಲ ಸರಿ ಮಾರಾಯ," ಎಂದರು ಮಾವ. "ಸೇಸೆ ಎಲ್ಲುಂಟು?"

ಕರಾವಳಿಯ ಮದುವೆ ವಿಡಿಯೋಗಳು ಮುಳುಗುವುದೇ ಈ ಸೇಸೆಯಲ್ಲಿ. ಒಬ್ಬೊಬ್ಬರಾಗಿ ವೇದಿಕೆ ಹತ್ತಿ, ಅಕ್ಕಿ ಹಾಕಿ ಹರಸಿ, ಕವರು ಕೊಟ್ಟು, ಕ್ಯಾಮೆರಾ ಕಡೆ ತಿರುಗಿ ಇಳಿಯುತ್ತಾರೆ. ಈ ಮದುವೆಯಲ್ಲಿ ಹಾಗೆ ಹತ್ತಿದವರು ಮುನ್ನೂರು ಮಂದಿ. "ತಲೆಗೆ ಎಂಟೇ ಸೆಕೆಂಡು ಕೊಡು, ಹೆಚ್ಚು ಬೇಡ," ಎಂದು ಮಾವ ಉದಾರವಾಗಿ ಹೇಳಿದರು. ಹುಡುಗ ಕ್ಯಾಲ್ಕುಲೇಟರ್ ಒತ್ತಿ ತೋರಿಸಿದ. 2400 ಸೆಕೆಂಡು. ನಲವತ್ತು ನಿಮಿಷ. ಇಡೀ ಫಿಲ್ಮಿಗೆ ಅವನು ಇಟ್ಟುಕೊಂಡಿದ್ದ ಉದ್ದವೂ ಅಷ್ಟೇ. ಸರಿ, ಒಂದೂವರೆ ಸೆಕೆಂಡಿಗೆ ಇಳಿಸಿದರೆ? ಏಳೂವರೆ ನಿಮಿಷ ಆಗುತ್ತದೆ, ಆದರೆ ಯಾರ ಮುಖವೂ ನೆಲೆ ನಿಲ್ಲುವುದಿಲ್ಲ. ಯಾರೆಂದು ಗುರುತು ಹತ್ತುವಷ್ಟರಲ್ಲಿ ಅವರು ಹೋಗಿ ಮುಂದಿನವರು ಬಂದಿರುತ್ತಾರೆ.

ಕೊನೆಗೆ ಹುಡುಗನೇ ದಾರಿ ಹುಡುಕಿದ. ಸೇಸೆಗೆ ಜನ ಮನೆ ಮನೆಯವರಾಗಿಯೇ ಹತ್ತುತ್ತಾರೆ. ಆದ್ದರಿಂದ ಒಬ್ಬೊಬ್ಬರ ಹತ್ತಿರದ ಶಾಟು ಬಿಟ್ಟು, ನಾಲ್ವರು ಒಟ್ಟಿಗೆ ಕಾಣುವ ಅಗಲ ಶಾಟನ್ನು ನಾಲ್ಕು ಸೆಕೆಂಡು ನಿಲ್ಲಿಸುವುದು. ಎಪ್ಪತ್ತೈದು ಗುಂಪು, ಮುನ್ನೂರು ಸೆಕೆಂಡು, ಐದೇ ನಿಮಿಷ. ಪೂರ್ತಿ ಸೇಸೆ ಒಂದೂ ಕತ್ತರಿ ಬೀಳದೆ ಬೇರೆ ಫೈಲಿನಲ್ಲಿ, ಪೆನ್‌ಡ್ರೈವಿನಲ್ಲಿ. ಮಾವ ಪಟ್ಟಿ ನೋಡಿ ಒಪ್ಪಿದರು, ಒಂದು ಷರತ್ತಿನ ಮೇಲೆ. ಮಾತು ಬಿಟ್ಟಿರುವ ಎರಡು ಮನೆಯವರು ಒಂದೇ ಗುಂಪಿನಲ್ಲಿ ಬರಬಾರದು.

ಆಮೇಲೆ ಸಂಗೀತದ ಸರದಿ. ಮಾವನಿಗೆ ಧಾರೆಗೆ ಸಿನಿಮಾ ಹಾಡೇ ಬೇಕು. "ಯೂಟ್ಯೂಬಿಗೆ ಹಾಕಿದ ಕೂಡಲೆ ಹಿಡೀತದೆ ಅಣ್ಣ," ಎಂದ ಹುಡುಗ. ಅಲ್ಲಿ ಕಂಪನಿಗಳು ಕೊಟ್ಟ ಹಾಡುಗಳ ಜೊತೆ ಹೊಸ ವಿಡಿಯೋದ ಧ್ವನಿಯನ್ನು ಯಂತ್ರವೇ ತಾಳೆ ನೋಡುತ್ತದೆ. ಸಿಕ್ಕಿಬಿದ್ದರೆ ಜಾಹೀರಾತಿನ ದುಡ್ಡು ಕಂಪನಿಗೆ ಹೋಗಬಹುದು, ಇಲ್ಲವೇ ವಿಡಿಯೋಗೇ ತಡೆ ಬೀಳಬಹುದು. ಮಾವ ತಯಾರಾಗಿಯೇ ಬಂದಿದ್ದರು. "1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಓದು. ಮದುವೆಗೆ ವಿನಾಯಿತಿ ಉಂಟು!" ಉಂಟು, ಸುಳ್ಳಲ್ಲ. ಆದರೆ ಅದು ಮದುವೆಯ ದಿಬ್ಬಣದಲ್ಲಿ, ಸಮಾರಂಭದಲ್ಲಿ ಹಾಡು ನುಡಿಸುವುದಕ್ಕೆ. ಅದೇ ಹಾಡನ್ನು ಚಿತ್ರಕ್ಕೆ ಅಂಟಿಸಿ ಊರಿಗೆಲ್ಲ ಹಂಚುವುದು ಬೇರೆಯೇ ವಿಷಯ.

ಅಷ್ಟಕ್ಕೂ ಧಾರೆಗೆ ಹಾಡು ಯಾಕೆ? ಹಾಲಿನಲ್ಲಿ ಸ್ಯಾಕ್ಸೋಫೋನು, ಡೋಲು ಇದ್ದೇ ಇತ್ತು. ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತಕ್ಕೆ ಪಳಗಿಸಿ 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ವರೆಗೆ ಒಯ್ದ ವಾದ್ಯ ಅದು. ನಮ್ಮ ಕಡೆ ಮದುವೆ ಎಂದರೆ ಕಿವಿಗೆ ಮೊದಲು ನೆನಪಾಗುವುದೂ ಅದೇ. ಮುಹೂರ್ತ ಹತ್ತಿರವಾದಂತೆ ವಾದ್ಯದವರೇ ಗತಿ ಏರಿಸಿ, ಭಟ್ಟರ ಕೈಸನ್ನೆಗೆ ಸರಿಯಾಗಿ ಗಟ್ಟಿಮೇಳಕ್ಕೆ ಹಾರುತ್ತಾರೆ. ಅದಕ್ಕಿಂತ ಚೆನ್ನಾಗಿ ಯಾವ ಸಂಗೀತ ನಿರ್ದೇಶಕನೂ ಆ ಕ್ಷಣವನ್ನು ಏರಿಸಲಾರ. ಹುಡುಗ ಒಂದು ಸಣ್ಣ ಉಪಾಯ ಮಾಡಿದ್ದ. ಮದುಮಗಳು ಇನ್ನೂ ಕೋಣೆಯಲ್ಲಿ ಕನ್ನಡಿ ನೋಡುತ್ತಿರುವಾಗಲೇ ಹಾಲಿನ ಡೋಲು ಕೇಳಿಸಲು ಶುರು. ಧ್ವನಿ ಮೊದಲು, ಚಿತ್ರ ಆಮೇಲೆ. ನೋಡುವವರು ತಾವಾಗಿಯೇ ಮಂಟಪದ ಕಡೆ ಹೊರಟಿರುತ್ತಾರೆ.

ಮಾವ ತಲೆದೂಗಿದರು, ಆದರೆ ಸುಮ್ಮನಾಗಲಿಲ್ಲ. "ಧಾರೆಯ ನೀರು ಮಾತ್ರ ಸ್ಲೋ ಮೋಷನ್ನಿನಲ್ಲಿ ಬೀಳಲಿ." ಹುಡುಗ ಮಾಡಿಯೇ ತೋರಿಸಿದ. ಸೆಕೆಂಡಿಗೆ 50 ಫ್ರೇಮಿನಲ್ಲಿ ತೆಗೆದದ್ದನ್ನು 25ರಲ್ಲಿ ಓಡಿಸಿದರೆ ವೇಗ ಅರ್ಧವಾದರೂ ಚಿತ್ರ ನಯವಾಗಿರುತ್ತದೆ; ಮದರಂಗಿ ರಾತ್ರಿಯ ಅಜ್ಜಿಯ ಕುಣಿತ ಹಾಗೆ ತೆಗೆದದ್ದು. ಧಾರೆಯನ್ನು ತೆಗೆದದ್ದು 25ರಲ್ಲಿ. ಅದನ್ನು ಎಳೆದರೆ ಒಂದೊಂದು ಫ್ರೇಮೂ ಎರಡೆರಡು ಸಲ ಬಂದು, ಗಿಂಡಿಯ ನೀರು ಧಾರೆಯಾಗಿ ಇಳಿಯುವ ಬದಲು ತಡವರಿಸುತ್ತಾ ಬಿದ್ದಿತು. ಮೇಲಿಂದ ಗಟ್ಟಿಮೇಳವೂ ಎಳೆದುಕೊಂಡು ಹಾಳಾಯಿತು. ಮಾವ ಕಣ್ಣು ಕಿರಿದು ಮಾಡಿ ನೋಡಿ, "ನಳ್ಳಿಯಲ್ಲಿ ಗಾಳಿ ಸಿಕ್ಕಿದ ಹಾಗೆ ಉಂಟಲ್ಲ!" ಎಂದು ತಾವೇ ಹಿಂದೆ ಸರಿದರು.

ಅಲ್ಲಿಗೆ ಧಾರೆಯ ತೀರ್ಮಾನವಾಯಿತು. ಬೇರೆ ಕಡೆ ಎರಡು ಮೂರು ಸೆಕೆಂಡಿಗೊಂದು ಕಟ್ ಇರಲಿ. ಧಾರೆ ಮಾತ್ರ ನಲವತ್ತು ಸೆಕೆಂಡು ಕತ್ತರಿ ಇಲ್ಲದೆ, ಅದರದ್ದೇ ವೇಗದಲ್ಲಿ, ಅದರದ್ದೇ ಸದ್ದಿನಲ್ಲಿ. ಸುತ್ತಲಿನದು ಓಡುತ್ತಿದ್ದರೆ ನಿಂತದ್ದಕ್ಕೆ ಬೆಲೆ. ಎಲ್ಲವೂ ನಿಧಾನವಾದರೆ ಯಾವುದು ಮುಖ್ಯವೆಂದೇ ತಿಳಿಯುವುದಿಲ್ಲ. ವಾಟ್ಸಾಪಿನಲ್ಲಿ ದುಬೈಗೆ ಕಳಿಸಲು ನಾಲ್ಕು ನಿಮಿಷದ್ದು ಬೇರೆ. ಅದರಲ್ಲಿ ಸೇಸೆಯೇ ಇಲ್ಲ.

ಎಲ್ಲ ಮುಗಿಯಿತು ಎನ್ನುವಾಗ ಮಾವ ಗಂಟಲು ಸರಿಮಾಡಿಕೊಂಡರು. "ಅಲ್ಲ, ನಾನು ಎಲ್ಲಿ ಬರ್ತೇನೆ?"

ಹುಡುಗ ಹುಡುಕಿದ. ಹನ್ನೆರಡು ಗಂಟೆಯಲ್ಲಿ ಮಾವ ಎಲ್ಲೂ ಇಲ್ಲ. ಇರುವುದಾದರೂ ಹೇಗೆ? ಮದುವೆಯಿಡೀ ಅವರು ಕ್ಯಾಮೆರಾದವನ ಹೆಗಲಿಗೆ ಹೆಗಲು ಕೊಟ್ಟು ಹಿಂದೆಯೇ ನಿಂತಿದ್ದರು.

"ಒಂದು ಕಡೆ ಉಂಟು ಅಣ್ಣ," ಎಂದ ಹುಡುಗ, ಅಳುಕುತ್ತಾ. ಕ್ಯಾಮೆರಾದ ಮೈಕು ಹತ್ತಿರದವರ ಸ್ವರವನ್ನೇ ಮೊದಲು ಹಿಡಿಯುತ್ತದೆ. ಸರಿಯಾಗಿ ಧಾರೆಯ ನಲವತ್ತು ಸೆಕೆಂಡಿನ ನಡುವೆ, ಡೋಲನ್ನೂ ಮೀರಿ, ಸ್ಪಷ್ಟವಾಗಿ ಕೇಳುತ್ತದೆ: "ಸ್ವಲ್ಪ ಬಲಕ್ಕೆ ಸರಿ ಮಾರಾಯ, ಗಿಂಡಿ ಕಾಣುವುದಿಲ್ಲ!" ಇದನ್ನು ತೆಗೆಯಲು ಭಟ್ಟರ ಮೈಕಿನಿಂದ ಬೇರೆಯಾಗಿ ಹಿಡಿದಿಟ್ಟ ಧ್ವನಿಯನ್ನು ಹುಡುಗ ಸಿದ್ಧ ಮಾಡಿಕೊಂಡಿದ್ದ.

ಮಾವ ಇನ್ನೊಮ್ಮೆ ಹಾಕಿಸಿ ಕೇಳಿದರು. ಕಿಸೆಯಿಂದ ಪಟ್ಟಿ ತೆಗೆದು ತಮ್ಮ ಹೆಸರಿನ ಮುಂದೆ ಮೂರನೆಯ ಟಿಕ್ಕು ಹಾಕಿದರು.

"ತೆಗೆಯುವುದು ಬೇಡ," ಎಂದರು. "ಆ ಗಟ್ಟಿಮೇಳವನ್ನೇ ಸ್ವಲ್ಪ ಸಣ್ಣ ಮಾಡು."